ಮಗ್ಗದ ಕುಣಿಯಲ್ಲಿ ಹುಮಾಯೂನ

ಹುಮಾಯೂನ ಬಾದಶಹ ದಿಲ್ಲಿಯಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು ಸತ್ತ ಎಂದು ಪುಸ್ತಕದಲ್ಲಿದೆ. ನಮ್ಮ ರಾಮದುರ್ಗದ ನೇಕಾರ ಓಣಿಯಲ್ಲಿ ಯಾರನ್ನೇ ಕೇಳಿರಿ, ಅವನು ಬಿದ್ದದ್ದು ನೀಲಪ್ಪನ ಮನೆಯಲ್ಲಿ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ. ಬೀಳಿಸಿದವಳು ನೀಲಪ್ಪನ ಹೆಂಡತಿ ಸುಂದರವ್ವ. ನಾನು ಅವರ ಪಕ್ಕದ ಮನೆಯವಳು, ಸಾವಂತ್ರೆವ್ವ. ಇದೆಲ್ಲ ನನ್ನ ಕಣ್ಣೆದುರಿಗೇ ನಡೆದದ್ದು, ಆದ್ದರಿಂದ ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದನ್ನು ನೀವು ನಂಬಬೇಕಾಗಿಲ್ಲ.

ಸುಂದರವ್ವ ಸುರೇಬಾನದ ಹುಡುಗಿ. ಹತ್ತನೇ ಇಯತ್ತೆಯಲ್ಲಿದ್ದಾಗ ಮದುವೆಯಾಗಿ ಬಂದಳು, ಪರೀಕ್ಷೆ ಅಲ್ಲಿಗೇ ನಿಂತಿತು. ಬಂದ ಮೇಲೆ ನೂಲಿನ ಕಂಡಿಕೆ ಸುತ್ತಿದಳು, ಎರಡು ಮಕ್ಕಳನ್ನು ಹೆತ್ತಳು, ಅತ್ತೆ ಲಗಮವ್ವನ ಬಾಯಿ ಸಹಿಸಿದಳು. ಓದಬೇಕೆಂಬ ಹಟ ಮಾತ್ರ ಹೋಗಲಿಲ್ಲ. ನಮ್ಮ ಓಣಿಗೆ ಬಾಲವಾಡಿ ಮಂಜೂರಾದಾಗ ಬ್ಲಾಕ್ ಆಫೀಸಿನವರು, ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಗಳು ಓಣಿಯಲ್ಲೇ ಇದ್ದರೆ ಚಿಕ್ಕ ಮಕ್ಕಳಿಗೆ ಕಲಿಸುವ ಆ ಕೆಲಸ ಅವಳಿಗೇ ಎಂದರು. ಸುಂದರವ್ವ ಖಾಸಗಿಯಾಗಿ ಮಾರ್ಚಿಯ ಪರೀಕ್ಷೆಗೆ ಕಟ್ಟಿದಳು. ಉಳಿದೆಲ್ಲದರಲ್ಲಿ ಪಾಸಾಗಿ ಸಮಾಜ ವಿಜ್ಞಾನ ಮತ್ತು ಗಣಿತದಲ್ಲಿ ನಪಾಸಾದಳು. ಅಕ್ಟೋಬರ ಪರೀಕ್ಷೆಯ ರಿಸಲ್ಟ್ ಬರುವವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಊರಿನವಳನ್ನು ತರುತ್ತೇವೆ ಎಂದು ಸಾಹೇಬರು ಹೇಳಿ ಹೋದರು. ಅಂದಿನಿಂದ ಆ ಮನೆಯಲ್ಲಿ ಮಗ್ಗದ ಸಪ್ಪಳ ಸಹ ಮೆತ್ತಗಾದಂತೆ ನನಗೆ ಕೇಳುತ್ತಿತ್ತು.

ಅವಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದವರು ಖಾಸಿಮಸಾಬ ಮಾಸ್ತರು. ಇತಿಹಾಸ ಕಲಿಸಿ ನಿವೃತ್ತರಾದವರು, ದೇವರಂಥ ಮನುಷ್ಯ, ಆದರೆ ಒಂದು ಹುಚ್ಚು ಇತ್ತು. ಏನನ್ನೇ ನೆನಪಿಡಬೇಕಾದರೂ ಮನಸ್ಸಿನಲ್ಲಿ ಒಂದು ಮನೆಯೊಳಗೆ ಹೊಕ್ಕು, ಬಾಗಿಲಲ್ಲಿ ಒಂದು, ಕಂಬಕ್ಕೆ ಒಂದು, ಗೂಡಿನಲ್ಲಿ ಒಂದು ಎಂದು ಇಟ್ಟು ಬರಬೇಕು. ಬೇಕಾದಾಗ ಅದೇ ದಾರಿಯಲ್ಲಿ ನಡೆದು ಒಂದೊಂದಾಗಿ ಎತ್ತಿಕೊಳ್ಳಬೇಕು. ಮಾಸ್ತರರದು ಹಳೆಯ ದೊಡ್ಡ ಮನೆ, ವಾಡೆ, ಅದರಲ್ಲಿ ಹದಿನಾಲ್ಕು ಕಂಬ. ಆ ಹದಿನಾಲ್ಕಕ್ಕೂ ಹದಿನಾಲ್ಕು ರಾಷ್ಟ್ರಕೂಟ ಅರಸರು ಒರಗಿ ನಿಂತಿದ್ದರು. ಮಾಸ್ತರರು ಕಣ್ಣು ಮುಚ್ಚಿ ದಂತಿದುರ್ಗನಿಂದ ಶುರುಮಾಡಿದರೆ ಎರಡನೇ ಕರ್ಕನವರೆಗೆ ಎಲ್ಲಿಯೂ ತಡವರಿಸುತ್ತಿರಲಿಲ್ಲ. ಕೇಳಿದವರು ಬಾಯಿ ತೆರೆದು ಕೂಡುತ್ತಿದ್ದರು, ನಾನೂ ಕೂತಿದ್ದೇನೆ.

ಮಾರ್ಚಿಯಲ್ಲಿ ಸುಂದರವ್ವ ಮುಳುಗಿದ್ದು ಈ ವಾಡೆಯಲ್ಲೇ. ಅವಳ ಮನೆ ಸಣ್ಣದು, ಇಡಲು ಜಾಗ ಸಾಲದು ಎಂದು ಮಾಸ್ತರರು ಮನಸ್ಸಿನಲ್ಲಿ ತಿರುಗಾಡಲು ತಮ್ಮ ವಾಡೆಯನ್ನೇ ಕೊಟ್ಟಿದ್ದರು. ಅವಳು ಆ ವಾಡೆಗೆ ಪಾಠಕ್ಕೆ ಮಾತ್ರ ಹೋದವಳು, ಪಡಸಾಲೆ ದಾಟಿ ಒಳಗೆ ಕಾಲಿಟ್ಟವಳಲ್ಲ. ನಡುಮನೆಯ ಕಂಬಗಳನ್ನು ಅಂದಾಜಿನಲ್ಲೇ ನಿಲ್ಲಿಸಿಕೊಂಡಿದ್ದಳು. ಮೇಲಾಗಿ ಅರಸರು, ನದಿಗಳು, ಹಕ್ಕುಗಳು, ಕೊನೆಗೆ ರೇಖಾಗಣಿತದ ಪ್ರಮೇಯಗಳು, ಎಲ್ಲವನ್ನೂ ಅವೇ ಕಂಬಗಳಿಗೆ ಕಟ್ಟಿದ್ದಳು.

“ಮೂರನೇ ಕಂಬಕ್ಕ ಹೋದೆ, ಸಾವಂತ್ರಕ್ಕ,” ಎಂದಳು ನನಗೆ. “ಅಲ್ಲಿ ಒಬ್ಬ ಅರಸ, ಒಂದು ಹೊಳಿ, ಪ್ರಮೇಯದ ಮೂರನೇ ಸಾಲು, ಮೂರೂ ಕೂಡಿ ನಿಂತಿದ್ದವು. ಯಾರನ್ನ ಕರೀಲಿ?”

ಗಣಿತದ್ದು ಇನ್ನೂ ಕೆಟ್ಟದಾಗಿತ್ತು. ಅರ್ಧವೃತ್ತದೊಳಗಿನ ಕೋನ ಲಂಬಕೋನವೆಂದು ಸಾಧಿಸಿರಿ ಎಂಬುದು ಪ್ರಶ್ನೆ. ಅವಳಿಗೆ ಸಾಲು ಸಾಲಾಗಿ ಬರುತ್ತಿತ್ತು. ಆದರೆ ಪುಸ್ತಕದಲ್ಲಿ ವ್ಯಾಸ ಅಡ್ಡ ಮಲಗಿತ್ತು, ಬಿಂದುಗಳು ಅ, ಬ, ಕ. ಪ್ರಶ್ನೆಪತ್ರಿಕೆಯಲ್ಲಿ ವ್ಯಾಸ ನೆಟ್ಟಗೆ ನಿಂತಿತ್ತು, ಬಿಂದುಗಳು ಮ, ನ, ಪ. ಅವಳು ವಾಡೆಯ ಹೊಸ್ತಿಲಲ್ಲಿ ನಿಲ್ಲಿಸಿದ್ದ ‘ಅ’ನನ್ನು ಈ ಆಕೃತಿಯಲ್ಲಿ ಹುಡುಕಿ ಹುಡುಕಿ ಬೆವರಿ, ಕೊನೆಗೆ ಪುಸ್ತಕದಲ್ಲಿದ್ದ ಹಾಗೆಯೇ ಬರೆದು ಬಂದಳು. ಅದಕ್ಕೆ ಯಾವ ಪರೀಕ್ಷಕ ಅಂಕ ಕೊಟ್ಟಾನು?

ಅಕ್ಟೋಬರಕ್ಕೆ ಮಾಸ್ತರರು ಹೊಸ ವೇಳಾಪಟ್ಟಿ ಮಾಡಿ ತಂದರು. ರಟ್ಟಿನ ಮೇಲೆ ಕೆಂಪು, ನೀಲಿ ಶಾಯಿಯ ಗೆರೆ, ನೋಡಲು ಭಾಳ ಚಂದ. ಸುಂದರವ್ವನಿಗೆ ಓದಲು ಸಿಗುತ್ತಿದ್ದುದು ಮಧ್ಯಾಹ್ನ ಊಟದ ಮೇಲೆ ಒಂದು ತಾಸು, ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು. ಆ ಎರಡು ತಾಸಿನಲ್ಲಿ ಮುಕ್ಕಾಲು ಭಾಗ ರಾಷ್ಟ್ರಕೂಟರು, ಚಾಲುಕ್ಯರು, ಇಸವಿಗಳು. ಗಣಿತಕ್ಕೆ ರವಿವಾರ ಒಂದು ಸಣ್ಣ ಚೌಕ.

ಅವಳು ರಟ್ಟನ್ನು ಗೋಡೆಗೆ ನೇತುಹಾಕಿದಳು, ಆದರೆ ಅದರಂತೆ ಓದಲಿಲ್ಲ. ಅಟ್ಟದ ಮೇಲಿಂದ ಹುಣಸೆಬೀಜದ ಡಬ್ಬಿ ಇಳಿಸಿದಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬೇಡಿ ತಂದಿದ್ದಳು. ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಹಾಕಿ, ಒಂದೊಂದು ಮನೆಗೆ ಒಂದು ವಿಷಯದ ಹೆಸರು ಕೊಟ್ಟು, ಆ ವಿಷಯ ಕೇಳಿದ್ದು ಕಂಡಾಗಲೆಲ್ಲ ಅದರಲ್ಲಿ ಒಂದು ಬೀಜ ಇಟ್ಟಳು. ಪ್ರಶ್ನೆ ದೊಡ್ಡದಿದ್ದರೆ ಎರಡು.

ಲಗಮವ್ವ ಹೊರಗಿನಿಂದ ಬಂದವಳು ಸೊಂಟದ ಮೇಲೆ ಕೈಯಿಟ್ಟಳು. “ಹಾಡಹಗಲಿ ಚೌಕಾಬಾರ ಆಡಾಕ ಕುಂತ್ಯಾ? ಪರೀಕ್ಷಾ ಅಂದ್ರ ಇದ ಏನು?”

“ಆಟ ಅಲ್ರಿ ಅತ್ತಿ. ಯಾವದನ್ನ ಓದಬೇಕು, ಯಾವದನ್ನ ಬಿಡಬೇಕು, ಅದನ್ನ ನೋಡಾಕತ್ತೇನಿ.”

“ಓದೋದರಾಗೂ ಬಿಡೋದು ಇರತೈತೇನ?” ಎಂದು ಲಗಮವ್ವ ನನ್ನ ಮುಖ ನೋಡಿದಳು.

ಬೀಜ ಇಟ್ಟು ಮುಗಿದಾಗ ವೃತ್ತ, ತ್ರಿಕೋನಗಳ ಮನೆಯಲ್ಲಿ ರಾಶಿ ಬಿದ್ದಿತ್ತು. ಮೊಗಲರಿಗೆ, ಮೂಲಭೂತ ಹಕ್ಕುಗಳಿಗೆ, ಬುದ್ಧನ ಅಷ್ಟಾಂಗ ಮಾರ್ಗಕ್ಕೆ ಚೆನ್ನಾಗಿ ಬಿದ್ದಿದ್ದವು. ನದಿಗಳಿಗೂ ಬಿದ್ದಿದ್ದವು. ರಾಷ್ಟ್ರಕೂಟ ಅರಸರ ಪಟ್ಟಿಯ ಮನೆಯಲ್ಲಿ ಒಂದೇ ಒಂದು ಬೀಜ, ಪಾಪ, ಒಂಟಿಯಾಗಿ ಕೂತಿತ್ತು.

ಆಮೇಲೆ ಸುಂದರವ್ವ ಎರಡನೆಯ ಸಲ ಸೋಸಿದಳು. ಬೀಜ ಬಿದ್ದ ಪ್ರತಿ ಮನೆಯ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಂಡಳು: ಇದು ಹೀಗೇ ಇರಲು ಏನಾದರೂ ಕಾರಣ ಇದೆಯೋ? ಕಾರಣ ಇದ್ದರೆ ತಿಳಿದುಕೊಂಡರೆ ಸಾಕು, ಬಾಯಿಪಾಠ ಬೇಡ. ನದಿಗಳಿಗೆ ನಕಾಶೆ ಇತ್ತು. ಮಲಪ್ರಭೆಯಲ್ಲಿ ದಿನಾ ಬಟ್ಟೆ ಒಗೆಯುವವಳಿಗೆ ಅದು ಕೃಷ್ಣೆಗೆ ಹೋಗಿ ಸೇರುತ್ತದೆ ಎನ್ನಲು ಕಂಬ ಬೇಕೆ? ನಕಾಶೆಯನ್ನು ನಾಲ್ಕು ಸಲ ಕೈಯಿಂದ ಬರೆದರೆ ಮುಗಿಯಿತು. ಪ್ರಮೇಯಕ್ಕೂ ಕಾರಣ ಇರಲೇಬೇಕು, ಅದು ಅವಳಿಗೆ ಇನ್ನೂ ತಿಳಿದಿರಲಿಲ್ಲ, ಅಷ್ಟೆ. ಬಾಬರನ ಮಗ ಹುಮಾಯೂನ ಎನ್ನುವುದಕ್ಕೆ ಮಾತ್ರ ಯಾವ ಕಾರಣವೂ ಇಲ್ಲ. ನೀಲಪ್ಪನ ಮಗನಿಗೆ ಶಂಕ್ರೆಪ್ಪ ಎಂದು ಹೆಸರಿಟ್ಟ ಹಾಗೆ, ಇಟ್ಟರು, ಆಯಿತು. ಇಂಥದ್ದಕ್ಕೆ ಮಾತ್ರ ಮನಸ್ಸಿನ ಮನೆ. ಹೀಗೆ ಮೂರೇ ಮೂರು ಪಟ್ಟಿ ಉಳಿದವು: ಮೊಗಲರು, ಅಷ್ಟಾಂಗ ಮಾರ್ಗ, ಹಕ್ಕುಗಳು.

ಸಂಜೆ ಮಾಸ್ತರರು ಬಂದರು. ಸುಂದರವ್ವ ಅವರನ್ನು ಚಾಪೆಯ ಮೇಲೆ ಕೂಡಿಸಿ, ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ, ಎಲ್ಲವನ್ನೂ ಹೇಳಿದಳು. ನನಗೆ ಅಲ್ಲಿಂದ ಎದ್ದುಹೋಗಬೇಕೆನಿಸಿತು. ಹೋಗಲಿಲ್ಲ.

“ಹದಿನಾಲ್ಕೂ ಮಂದೀನ ಹೊರಗ ಹಾಕಿದಿ?” ಮಾಸ್ತರರ ದನಿ ಸಣ್ಣದಾಗಿತ್ತು.

“ನಿಮ್ಮ ವಾಡೇದಾಗ ಅವರು ಆರಾಮ ಇರಲಿ, ಸರ. ನನ್ನ ಹತ್ರ ಜಾಗಾ ಇಲ್ರಿ, ಹೊತ್ತೂ ಇಲ್ರಿ. ಅವರನ್ನ ಇಟಗೊಂಡ್ರ ದಿನಾ ಮಾತಾಡಸಬೇಕು. ವಾರ ಬಿಟ್ಟು ಹೋದ್ರ ಅರ್ಧ ಮಂದಿ ಇರೋದಿಲ್ಲ.”

“ಮತ್ತ ಪ್ರಮೇಯ?”

“ಅದಕ್ಕ ಮನಿ ಬ್ಯಾಡ ಅನಸ್ತೈತ್ರಿ. ಅದು ಯಾಕ ಲಂಬಕೋನನ ಆಗಬೇಕು, ಅದನ್ನ ನೀವು ತಿಳಿಸಿ ಹೇಳ್ರಿ ಸರ. ಅಷ್ಟು ತಿಳಿದ್ರ ಆಕೃತಿ ಹೆಂಗರ ತಿರುವಲಿ, ನಾ ಹೆದರಾಂಗಿಲ್ಲ.”

ಮಾಸ್ತರರು ರಟ್ಟಿನ ವೇಳಾಪಟ್ಟಿಯ ಕಡೆ ನೋಡಿದರು. ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. “ನಾಳೆ ನೋಡೂಣು,” ಎಂದವರು, ಚಹಾ ಒಲೆಯ ಮೇಲಿದ್ದರೂ ಎದ್ದು ನಡೆದೇಬಿಟ್ಟರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗುರುಗಳ ಮನಸ್ಸು ನೋಯಿಸಿದೆನೆಂದು ಸುಂದರವ್ವ ಅತ್ತಳು. ಅಳುತ್ತಲೇ ಹಿಟ್ಟು ನಾದಿದಳು, ಅಳುತ್ತಲೇ ಮೊಗಲರನ್ನು ತನ್ನ ಮನೆಯೊಳಗೆ ಕರೆತಂದಳು.

ಈ ಸಲ ಅವಳು ಇಟ್ಟದ್ದು ತನ್ನದೇ ಮನೆಯಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ತಿರುಗಾಡಬಲ್ಲ ಮನೆಯಲ್ಲಿ. ಸಣ್ಣದಾದರೇನು, ಆರು ಬಾದಶಹರಿಗೆ ಆರು ಜಾಗ ಸಾಕು. ಹೊಸ್ತಿಲಲ್ಲಿ ಬಾಬರ, ತೋಪು ಹೂಡಿಕೊಂಡು, ಒಳಗೆ ಬರಲು ದಾರಿಯನ್ನೇ ಕೊಡದಂತೆ. ಮಗ್ಗದ ಕುಣಿಯಲ್ಲಿ ಹುಮಾಯೂನ, ಪುಸ್ತಕ ಹಿಡಿದು ಕಾಲು ಮೇಲಾಗಿ ಬಿದ್ದವನು. ಬೀಸುಕಲ್ಲಿನ ಮುಂದೆ ಅಕಬರ, ಜೋಳ, ಗೋದಿ, ಕಡಲೆ ಎಲ್ಲ ಕೂಡಿಸಿ ಒಂದೇ ಹಿಟ್ಟು ಬೀಸುತ್ತಿದ್ದ. ಒಲೆಯ ಮೇಲೆ ಜಹಾಂಗೀರ, ನ್ಯಾಯದ ಗಂಟೆಯ ಸರಪಳಿ ಜಗ್ಗುತ್ತಿದ್ದ. ದೇವರ ಗೂಡಿನಲ್ಲಿ ಷಹಜಹಾನ, ಬಿಳಿಯ ತಾಜಮಹಲಿನ ಸಮೇತ. ಹಿತ್ತಿಲ ಬಾಗಿಲಲ್ಲಿ ಔರಂಗಜೇಬ, ಟೋಪಿ ಹೊಲಿಯುತ್ತ.

“ದೇವರ ಗೂಡಿನ್ಯಾಗ ಗೋರಿ ಕಟ್ಟಿದಿ?” ಲಗಮವ್ವ ಹಾರಿಬಿದ್ದಳು. “ನನ್ನ ಎಲ್ಲವ್ವ ಎಲ್ಲಿ ಕುಂದರಬೇಕು?”

“ಬರೇ ಮನಸಿನ್ಯಾಗ ಅತ್ತಿ.”

“ಮನಸಿನ್ಯಾಗೂ ಬ್ಯಾಡ!”

ಕೊನೆಗೆ ಷಹಜಹಾನನನ್ನು ನೀರಿನ ಹರವಿಯ ಮೇಲೆ ಕೂಡಿಸಿ ಒಪ್ಪಂದವಾಯಿತು. ಈ ಜಗಳದಿಂದ ಒಂದು ಲಾಭವಾಯಿತು, ಷಹಜಹಾನನನ್ನು ಮರೆಯುವುದು ಆ ಮನೆಯಲ್ಲಿ ಇನ್ನು ಯಾರಿಂದಲೂ ಸಾಧ್ಯವಿರಲಿಲ್ಲ. ಅಷ್ಟಾಂಗ ಮಾರ್ಗಕ್ಕೆ ಸುಂದರವ್ವ ಸುರೇಬಾನದ ಬಸ್ಸಿನ ದಾರಿ ಹಿಡಿದಳು. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಚಾಳೀಸು ಹಾಕಿಕೊಂಡ ಸಮ್ಯಕ್ ದೃಷ್ಟಿಯಿಂದ ಹಿಡಿದು, ತವರಿನ ಕಟ್ಟೆಯ ಮೇಲೆ ಅವಳ ಅವ್ವ ಕಣ್ಣು ಮುಚ್ಚಿ ಕೂತ ಸಮ್ಯಕ್ ಸಮಾಧಿಯವರೆಗೆ. ಏಳು ಮೂಲಭೂತ ಹಕ್ಕುಗಳನ್ನು ಓಣಿಯ ಏಳು ಬಾಗಿಲಿಗೆ ಹಂಚಿದಳು. ಗೋಡೆಯ ಸಲುವಾಗಿ ಅಣ್ಣನ ಮೇಲೆ ಕೋರ್ಟಿಗೆ ಹೋದ ಶಟ್ಟೆಪ್ಪನ ಬಾಗಿಲಿಗೆ ಆಸ್ತಿಯ ಹಕ್ಕು. ನನ್ನ ಬಾಗಿಲಿಗೆ ಶೋಷಣೆಯ ವಿರುದ್ಧ ಹಕ್ಕು. ಯಾಕೆ ಎಂದು ಕೇಳಿದರೆ ನಗುತ್ತ, “ನಿಮ್ಮ ಮನಿಯವರನ್ನ ಕೇಳ್ರಿ” ಎಂದಳು. ನನ್ನ ಗಂಡ ಒಂದು ವಾರ ನೀರು ತಾನೇ ಸೇದಿದ.

ಪಟ್ಟಿಗಳು ಬೇಗ ತಲೆಯಲ್ಲಿ ನಿಂತವು. ಮೊದಲು ದಿನಾ, ಆಮೇಲೆ ಒಂದು ದಿನ ಬಿಟ್ಟು, ಆಮೇಲೆ ವಾರಕ್ಕೊಮ್ಮೆ ಕಸ ಹೊಡೆಯುತ್ತಲೇ ಒಂದು ಸುತ್ತು ಹಾಕಿದರೆ ಸಾಕಾಗುತ್ತಿತ್ತು. ಉಳಿದ ಹೊತ್ತೆಲ್ಲ ಗಣಿತಕ್ಕೆ. ಆದರೆ ಗಣಿತ ಹೇಳಿಕೊಡುವವರು ಯಾರು?

ಒಂದು ಮಧ್ಯಾಹ್ನ ಮಾಸ್ತರರು ಬಂದರು. ನೀಲಪ್ಪ ಮಗ್ಗ ನಿಲ್ಲಿಸಿ ಎದ್ದು ನಿಂತ. ಮಾಸ್ತರರು ಕೂಡಲಿಲ್ಲ.

“ಸುಂದರವ್ವ, ನಾ ಸಿಟ್ಟಾಗಿ ಬರೋದು ಬಿಟ್ಟಿದ್ದಲ್ಲ,” ಎಂದರು. “ನನಗ ಆ ಪ್ರಮೇಯ ತಿಳಿಯೋದಿಲ್ಲವ್ವಾ. ಎಂದೂ ತಿಳಿದಿಲ್ಲ. ಮ್ಯಾಟ್ರಿಕ್ಕಿನ್ಯಾಗ ಹಿಂಗ ಕಂಬಕ್ಕ ಕಟ್ಟಿ ಪಾಸಾದೆ. ನನ್ನ ದೈವಕ್ಕ ಅ, ಬ, ಕ ಅಂತನ ಬಂದಿತ್ತು. ತಿಳಿಯದ್ದನ್ನ ಮುಚ್ಚಿಡಾಕ ಆ ವಾಡೆ ಭಾಳ ಛಲೋ ಜಾಗಾ ಆತು. ಅದನ್ನ ನಿನಗೂ ಕಲಿಸಿ ನಿನ್ನ ವರ್ಷ ಹಾಳ ಮಾಡಿದೆ.”

ಅಷ್ಟು ವರ್ಷ ಊರಿಗೆಲ್ಲ ಕಲಿಸಿದ ಮನುಷ್ಯ ನೇಕಾರರ ಮನೆಯ ಬಾಗಿಲಲ್ಲಿ ನಿಂತು ಇದನ್ನು ಹೇಳಿದರು. ಲಗಮವ್ವ ಚಾಪೆ ಹಾಸಿದಳು.

“ಹಂಗಾರ ಇಬ್ಬರೂ ಕೂಡಿ ನೋಡೂಣ್ರಿ ಸರ,” ಎಂದಳು ಸುಂದರವ್ವ.

ಮಣ್ಣಿನ ನೆಲ. ಅವಳು ಒಂದು ಮೊಳೆ ನೆಟ್ಟಳು, ಕಂಡಿಕೆಯಿಂದ ದಾರ ಹರಿದು ಮೊಳೆಗೆ ಕಟ್ಟಿದಳು, ಇನ್ನೊಂದು ತುದಿಗೆ ಸೀಮೆಸುಣ್ಣ ಬಿಗಿದು ಸುತ್ತಲೂ ಎಳೆದಳು. ವೃತ್ತವಾಯಿತು. ಮೊಳೆಯ ಮೇಲೆ ಹಾಯುವಂತೆ ಒಂದು ಗೆರೆ, ಅದು ವ್ಯಾಸ. ವೃತ್ತದ ಮೇಲೆ ಎಲ್ಲೋ ಒಂದು ಚುಕ್ಕೆ ಇಟ್ಟು, ವ್ಯಾಸದ ಎರಡೂ ತುದಿಗಳಿಂದ ಅದಕ್ಕೆ ಗೆರೆ ಎಳೆದಳು. ಆಮೇಲೆ ಇಬ್ಬರೂ ಅದನ್ನು ನೋಡುತ್ತ ಕೂತರು. ಅಂದು ಏನೂ ಹೊಳೆಯಲಿಲ್ಲ. ಮರುದಿನವೂ ಹೊಳೆಯಲಿಲ್ಲ. ಪುಸ್ತಕದ ಒಂದೊಂದು ಸಾಲು ಓದುವುದು, “ಇದು ಯಾಕ?” ಎಂದು ಒಬ್ಬರನ್ನೊಬ್ಬರು ಕೇಳುವುದು, ಮತ್ತೆ ಮೊದಲ ಸಾಲಿಗೆ ಬರುವುದು. ವೃತ್ತದ ನಡುವಿನಿಂದ, ಅಂದರೆ ಮೊಳೆಯಿಂದ, ಪುಸ್ತಕ ಆ ಚುಕ್ಕೆಗೆ ಒಂದು ಗೆರೆ ಎಳೆ ಎನ್ನುತ್ತಿತ್ತು. ಯಾಕೆ ಎಳೆಯಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ ಸುಂದರವ್ವ ಆ ಗೆರೆಯ ಮೇಲೆ ದಾರ ಇಟ್ಟು ನೋಡಿದಳು. ಅದೇ ದಾರವನ್ನು ವ್ಯಾಸದ ಈ ಅರ್ಧದ ಮೇಲೆ ಇಟ್ಟಳು. ಆ ಅರ್ಧದ ಮೇಲೂ ಇಟ್ಟಳು.

“ಸರ! ದಾರ ಒಂದ ಐತಲ್ರಿ!”

ಒಂದೇ ದಾರದಿಂದ ಎಳೆದ ವೃತ್ತ. ಆದ್ದರಿಂದ ನಡುವಿನಿಂದ ಆ ಮೂರೂ ತುದಿಗಳಿಗೆ ಅಂತರ ಒಂದೇ. ಹಾಗಾದರೆ ದೊಡ್ಡ ತ್ರಿಕೋನದ ಒಳಗೆ ಎರಡು ಸಣ್ಣ ತ್ರಿಕೋನ, ಎರಡಕ್ಕೂ ಎರಡೆರಡು ಬದಿ ಸಮ. ಬದಿ ಸಮವಿದ್ದರೆ ಅವುಗಳ ಎದುರಿನ ಕೋನವೂ ಸಮ. ಅಂದರೆ ವ್ಯಾಸದ ಎರಡು ತುದಿಯ ಕೋನಗಳನ್ನು ಕೂಡಿಸಿದರೆ ಎಷ್ಟೋ, ಮೇಲಿನ ಕೋನವೂ ಅಷ್ಟೇ. ಮೂರೂ ಸೇರಿ ಎರಡು ಲಂಬಕೋನ. ಆದ್ದರಿಂದ ಮೇಲಿನದು ಅದರ ಅರ್ಧ, ಒಂದು ಲಂಬಕೋನ. ಮಾಸ್ತರರು ಚಾಳೀಸು ತೆಗೆದು ಒರೆಸಿದರು. ನನಗೆ ಆಗ ಪೂರ್ತಿ ತಿಳಿಯಲಿಲ್ಲ, ಆದರೆ ಅವರಿಬ್ಬರ ಮುಖ ನೋಡಿ ನನಗೂ ಭಾಳ ಖುಷಿಯಾಯಿತು.

ಅಂದಿನಿಂದ ಮಾಸ್ತರರ ಕೆಲಸ ಒಂದೇ, ಆಕೃತಿಯನ್ನು ತಿರುವುವುದು. ಅಡ್ಡ, ಉದ್ದ, ಓರೆ, ಬೇಕಾದ ಅಕ್ಷರ. ಒಂದು ದಿನ ಲ, ಗ, ಮ ಎಂದು ಇಟ್ಟಾಗ ಲಗಮವ್ವ “ನನ್ನನ್ನ್ಯಾಕ ಎಳೀತೀರಿ?” ಎಂದಳು.

ದಸರೆ ಹತ್ತಿರ ಬಂತು. ಎಲ್ಲರ ಮನೆಯಲ್ಲಿ ಸುಣ್ಣ ಬಳಿಯುವ ಗದ್ದಲ. ನೀಲಪ್ಪ ಸುಣ್ಣ ನೆನೆಸಿ, ಬೀಸುಕಲ್ಲನ್ನು ಹೊರಗಿಡಲು ಎತ್ತಿದ. ಲಗಮವ್ವ ಓಡಿಬಂದು ಅಡ್ಡ ನಿಂತಳು.

“ಇಡು ಅದನ್ನ! ಅಕಬರ ಅಲ್ಲೇ ಇರಲಿ. ಹರವಿನೂ ಮುಟ್ಟಬ್ಯಾಡ. ಆಕಿ ಪರೀಕ್ಷಾ ಮುಗಿಯೂತನಾ ಈ ಮನ್ಯಾಗ ಒಂದ ಚಮಚಾ ಸುದ್ದಾ ಸರಿಯಾಂಗಿಲ್ಲ.”

“ಅವು ಮನಸಿನ್ಯಾಗ ಇರೋವು ಅತ್ತಿ, ಕಲ್ಲು ಸರಿಸಿದ್ರೂ ನಡೀತೈತ್ರಿ,” ಎಂದು ಸುಂದರವ್ವ ನಕ್ಕಳು.

“ನಿನಗ ನಡೀತೈತಿ, ನನಗ ನಡಿಯೂದಿಲ್ಲ,” ಎಂದಳು ಲಗಮವ್ವ. ಆ ವರ್ಷ ಓಣಿಯಲ್ಲಿ ಸುಣ್ಣ ಕಾಣದ ಮನೆ ಅದೊಂದೇ. ಇಷ್ಟು ದಿನ ಆ ಮುದುಕಿಯನ್ನು ಬೈದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು.

ಪರೀಕ್ಷೆಯ ಕೇಂದ್ರ ಸವದತ್ತಿ. ಮಾಸ್ತರರು, ನಾನು, ಸುಂದರವ್ವ ಬಸ್ಸಿನಲ್ಲಿ ಹೋದೆವು. ಮೊದಲ ದಿನ ಸಮಾಜ ವಿಜ್ಞಾನ. ನಾವಿಬ್ಬರು ಬೇವಿನ ಮರದ ಕೆಳಗೆ ಬುತ್ತಿ ಇಟ್ಟುಕೊಂಡು ಕೂತೆವು. ಬೇಗ ಬರೆದು ಹೊರಬಂದ ಒಬ್ಬ ಹುಡುಗನಿಂದ ಮಾಸ್ತರರು ಪ್ರಶ್ನೆಪತ್ರಿಕೆ ಇಸಿದುಕೊಂಡರು. ಓದುತ್ತ ಓದುತ್ತ ಅವರ ಕಣ್ಣು ಒಂದು ಕಡೆ ನಿಂತಿತು. ನನ್ನ ಕಡೆ ಕಾಗದ ಚಾಚಿದರು. ‘ರಾಷ್ಟ್ರಕೂಟ ಅರಸರ ಹೆಸರುಗಳನ್ನು ಕ್ರಮವಾಗಿ ಬರೆಯಿರಿ.’ ಐದು ಅಂಕ. ಇದನ್ನು ಬಿಟ್ಟು ಬೇರೆಯದನ್ನು ಬರೆಯಿರಿ ಎಂಬ ಸೌಲಭ್ಯವೂ ಇರಲಿಲ್ಲ.

ಆ ಒಂಟಿ ಹುಣಸೆಬೀಜ ಕಣ್ಣೆದುರಿಗೆ ಬಂತು. ಒಂದು ವೇಳೆ ಐದೇ ಅಂಕಕ್ಕೆ ಹೋದರೆ? ಬಾಲವಾಡಿ ಹೋದ ಹಾಗೇ. ಮಾಸ್ತರರು ಕಣ್ಣು ಮುಚ್ಚಿಕೊಂಡರು. ತುಟಿ ಅಲುಗುತ್ತಿತ್ತು, ದಂತಿದುರ್ಗನಿಂದಲೇ ಶುರುಮಾಡಿರಬೇಕು.

ಸುಂದರವ್ವ ಕಡೆಯ ಗಂಟೆಗೆ ಹೊರಬಂದಳು. ಮಾಸ್ತರರ ಕೈಯಲ್ಲಿ ಕಾಗದ ನೋಡಿ ದೂರದಲ್ಲೇ ನಿಂತಳು.

“ಬಂದಿತ್ರಿ, ಸರ. ಬಿಟ್ಟೆ.”

“ಉಳಿದದ್ದು?”

“ಉಳಿದವರೆಲ್ಲಾ ಇದ್ದಲ್ಲೇ ಇದ್ರು. ಹೊಸ್ತಿಲದಿಂದ ಹಿತ್ತಲತನಾ ಹೋಗಿ ಬಂದೆ. ಓಣಿ ಪೂರ್ತಿ ಅಡ್ಡಾಡಿದೆ. ಸುರೇಬಾನಕ್ಕೂ ಹೋಗಿ ಬಂದೆ.” ಅವಳು ಸೆರಗು ಬೆರಳಿಗೆ ಸುತ್ತಿಕೊಂಡಳು. “ನಿಮ್ಮವರನ್ನ ಅಷ್ಟ ಕರಕೊಂಡು ಹೋಗಲಿಲ್ಲ.”

ಮಾಸ್ತರರು ಕಾಗದವನ್ನು ಮಡಿಚಿ ಕಿಸೆಯಲ್ಲಿಟ್ಟರು. “ಐದು ಮಾರ್ಕಿಗೆ ಹದಿನಾಲ್ಕು ಕಂಬ ಯಾರರ ಹೊತಗೊಂಡು ತಿರಗತಾರೇನ?” ಎಂದರು. “ಬಾ, ಉಣ್ಣು. ನಾಳೆ ವೃತ್ತ ಐತಿ.”

ಮರುದಿನ ವೃತ್ತ ಇತ್ತು. ವ್ಯಾಸ ಓರೆಯಾಗಿ ಬಿದ್ದಿತ್ತು, ತ್ರಿಕೋನ ತಲೆಕೆಳಗಾಗಿತ್ತು, ಬಿಂದುಗಳಿಗೆ ಅವಳು ಎಂದೂ ನೋಡದ ಅಕ್ಷರಗಳು. ಅವಳು ಯಾವ ಮನೆಗೂ ಹೋಗಲಿಲ್ಲವಂತೆ. ನಡುವಿನ ಬಿಂದುವನ್ನು ಹುಡುಕಿ, ಅಲ್ಲಿಂದ ದಾರ ಹಿಡಿದಳಂತೆ.

ರಿಸಲ್ಟ್ ಬಂದ ದಿನ ನೀಲಪ್ಪ ಪೇಪರು ಹಿಡಿದು ಓಣಿಯ ಬಾಯಿಯಿಂದಲೇ ಕೂಗುತ್ತ ಬಂದ. ಆಮೇಲೆ ಅಂಕಪಟ್ಟಿ ಬಂತು. ಸಮಾಜ ವಿಜ್ಞಾನದಲ್ಲಿ ಹಾಗೂಹೀಗೂ ದಾಟಿದ್ದಳು. ಗಣಿತದಲ್ಲಿ ಅದಕ್ಕಿಂತ ಹೆಚ್ಚು. ಲಗಮವ್ವ ಮೊದಲು ಎಲ್ಲವ್ವನ ಮುಂದೆ ದೀಪ ಹಚ್ಚಿದಳು, ಆಮೇಲೆ ಸುಣ್ಣದ ಗಡಿಗೆ ಹೊರಗೆ ತೆಗೆದು, “ಇನ್ನ ನಿಮ್ಮ ಬಾದಶಹರನ್ನ ಕಳಸ್ರಿ, ನನಗ ಮನಿ ಸಾರಸೋದೈತಿ” ಎಂದಳು.

ಸಂಜೆ ಮಾಸ್ತರರು ಬಂದರು. ಸುಂದರವ್ವ ಕಾಲಿಗೆರಗಿದಳು. ಅವರು ಅವಳ ತಲೆ ಮುಟ್ಟಿ, ಚಾಪೆ ಬೇಡವೆಂದು, ಮೊಣಕಾಲು ಹಿಡಿದುಕೊಂಡು ನೆಲದ ಮೇಲೇ ಕೂತರು. ಮೊಳೆ ಕೇಳಿದರು, ದಾರ ಕೇಳಿದರು. ದಾರ ಸಡಿಲಾಗಿ ವೃತ್ತ ಸ್ವಲ್ಪ ಸೊಟ್ಟಗಾಯಿತು. ವ್ಯಾಸವನ್ನು ಬೇಕೆಂದೇ ಓರೆಯಾಗಿ ಎಳೆದರು. ಬಿಂದುಗಳಿಗೆ ಯಾವ ಅಕ್ಷರವನ್ನೂ ಇಡಲಿಲ್ಲ.

“ಸುಂದರವ್ವ, ನೀ ಬಾಯಿ ಮುಚಗೊಂಡು ಕೂಡು. ಯಾರೂ ಹೇಳಿಕೊಡಬ್ಯಾಡ್ರಿ,” ಎಂದರು. “ದಾರ ಒಂದ ಐತಿ. ಅದಕ್ಕ…”

ನಡುನಡುವೆ ನಿಂತರು. ಒಮ್ಮೆ ತಪ್ಪಿದರು, ಅಂಗೈಯಿಂದ ಒರೆಸಿ ಮತ್ತೆ ಮೊದಲಿನಿಂದ ಹಿಡಿದರು. ಸುಂದರವ್ವ ತುಟಿ ಕಚ್ಚಿಕೊಂಡು ಕೂತಿದ್ದಳು, ನೀಲಪ್ಪ ಮಗ್ಗ ನಿಲ್ಲಿಸಿದ್ದ. ಕೊನೆಯ ಸಾಲು ಮುಗಿದ ಮೇಲೆ ಮಾಸ್ತರರು ತಲೆಯೆತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಈ ಸಲ ಅವರು ಎಲ್ಲಿಯೂ ಕಣ್ಣು ಮುಚ್ಚಿರಲಿಲ್ಲ.